ಎಪ್ಪತ್ತು ಸೀಟಿಗೆ ಎಷ್ಟು ಟಿಕೆಟ್?

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಫೋನ್ ಮಾಡಿದ. ಮರುದಿನ ಬೆಳಿಗ್ಗೆ ಊರಿನಲ್ಲಿ ಅವನ ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆ. ರಾತ್ರಿಯೇ ಊರು ಸೇರಬೇಕೆಂದು ವಿಮಾನದ ಟಿಕೆಟ್ ತೆಗೆಸಿದ್ದ. ಸಮಯಕ್ಕೆ ಸರಿಯಾಗಿ ಕೌಂಟರಿಗೆ ಹೋದರೆ, “ಸೀಟು ತುಂಬಿದೆ, ನಾಳೆ ಬೆಳಗಿನ ವಿಮಾನಕ್ಕೆ ಕಳಿಸುತ್ತೇವೆ” ಎಂದರಂತೆ.

“ಸಾರ್, ಟಿಕೆಟ್ ಕೈಯಲ್ಲಿದೆ, ದುಡ್ಡು ಕೊಟ್ಟಾಗಿದೆ. ಇರುವ ಸೀಟಿಗಿಂತ ಜಾಸ್ತಿ ಮಾರೋದು ಮೋಸ ಅಲ್ವಾ?” ಎಂದು ಕೇಳಿದ. ಒಂದು ಕ್ಷಣ ಬಿಟ್ಟು, “ಬೇಲೂರು ಟೂರು ನೆನಪಿದೆಯಾ ಸಾರ್?” ಎಂದ.

ನೆನಪಿಲ್ಲದೆ ಏನು! ಇಪ್ಪತ್ತು ವರ್ಷಗಳ ಹಿಂದಿನ ಮಾತು. ಶಾಲೆಯಿಂದ ಬೇಲೂರು, ಹಳೇಬೀಡಿಗೆ ಪ್ರವಾಸ ಹೊರಟಿದ್ದೆವು. ಬಸ್ಸಿನಲ್ಲಿ 50 ಸೀಟು. ನಾವು ನಾಲ್ವರು ಮೇಷ್ಟ್ರುಗಳನ್ನು ಬಿಟ್ಟರೆ ಮಕ್ಕಳಿಗೆ 46. ಪ್ರತಿ ವರ್ಷ ಹೆಸರು ಕೊಟ್ಟವರಲ್ಲಿ ಎರಡು ಮೂರು ಮಕ್ಕಳು ಜ್ವರವೋ, ಮನೆಯ ಹಬ್ಬವೋ, ಏನೋ ಒಂದು ಕಾರಣಕ್ಕೆ ಬರುತ್ತಿರಲಿಲ್ಲ. ಅವರ ಹಣ ಹಿಂದಕ್ಕೆ ಕೊಡಬೇಕು, ಬಸ್ಸಿನ ಬಾಡಿಗೆ ಮಾತ್ರ ಕಡಿಮೆಯಾಗದು. ಹಿಂದಿನ ವರ್ಷ ಆ ಕೊರತೆಯನ್ನು ನನ್ನ ಜೇಬಿನಿಂದಲೇ ತುಂಬಿದ್ದೆ. ಅದಕ್ಕೇ ಆ ವರ್ಷ ಜಾಣತನ ಮಾಡಿ 46ರ ಬದಲು 49 ಮಕ್ಕಳಿಂದ ಹಣ ಪಡೆದೆ. ಹೇಗಿದ್ದರೂ ಮೂವರು ಬರುವುದಿಲ್ಲವಲ್ಲ!

ಆ ದಿನ ನಲವತ್ತೊಂಬತ್ತೂ ಮಕ್ಕಳು ಬಂದರು. ಒತ್ತರಿಸಿ ಕೂರಿಸೋಣವೆಂದರೆ, ಹಿಂದಿನ ವಾರವಷ್ಟೇ ದಂಡ ಕಟ್ಟಿದ್ದ ಡ್ರೈವರ್ ಒಪ್ಪಲಿಲ್ಲ. ಕೊನೆಗೆ ಬಂದ ಮೂವರು ಹುಡುಗರನ್ನು ಹಣ ಕೊಟ್ಟು ಮನೆಗೆ ಕಳಿಸಿದೆ. ಅವರು ನಾಲ್ಕು ಮೈಲಿ ಆಚೆಯ ಹಳ್ಳಿಯವರು, ಕತ್ತಲೆಯಲ್ಲೇ ನಡೆದು ಬಂದಿದ್ದರು. ಅವರಲ್ಲೊಬ್ಬ, “ಸಾರ್, ನಾವೂ ದುಡ್ಡು ಕೊಟ್ಟಿದ್ವಲ್ಲಾ?” ಎಂದು ಕೇಳಿದ್ದ. ಮೊನ್ನೆ ಫೋನ್ ಮಾಡಿದವನು ಅವನೇ.

ಅವನ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ಈ ವಾರ ಲೆಕ್ಕ ಹಾಕಿಯೇ ಕೊಡೋಣ. ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಬಾರದವರು ಸರಾಸರಿ ಇಷ್ಟು ಎಂದು ಗೊತ್ತಿದ್ದರೆ ಎಷ್ಟು ಟಿಕೆಟ್ ಹೆಚ್ಚಿಗೆ ಮಾರಬಹುದು? ಹಾಗೆ ಮಾರಿದ ಮೇಲೆ ಎಲ್ಲರೂ ಬಂದುಬಿಟ್ಟರೆ ಏನು ಮಾಡಬೇಕು? ಇವು ಎರಡು ಬೇರೆ ಪ್ರಶ್ನೆಗಳಂತೆ ಕಾಣುತ್ತವೆ. ಲೆಕ್ಕ ಮುಗಿಯುವ ಹೊತ್ತಿಗೆ ಎರಡೂ ಒಂದೇ ಎಂದು ನಿಮಗೇ ತಿಳಿಯುತ್ತದೆ.

ಸರಾಸರಿ ಎಂಬ ಬಲೆ

ಒಂದು ಸಣ್ಣ ವಿಮಾನವನ್ನು ತೆಗೆದುಕೊಳ್ಳೋಣ. ಅದರಲ್ಲಿ 70 ಸೀಟು. ದಿನಕ್ಕೊಮ್ಮೆ ಹಾರುತ್ತದೆ. ಟಿಕೆಟ್ ಕೊಂಡವರಲ್ಲಿ ನೂರಕ್ಕೆ ಐದು ಜನ, ಅಂದರೆ ಇಪ್ಪತ್ತರಲ್ಲಿ ಒಬ್ಬರು, ಬರುವುದಿಲ್ಲ ಎಂದು ವರ್ಷಗಳ ದಾಖಲೆ ಹೇಳುತ್ತದೆ ಎಂದುಕೊಳ್ಳಿ. ಈ ಅಂಕಿಗಳನ್ನು ಲೆಕ್ಕದ ಅನುಕೂಲಕ್ಕೆಂದು ನಾನು ಆರಿಸಿಕೊಂಡದ್ದು. 70 ಟಿಕೆಟ್ ಮಾರಿದರೆ ಸರಾಸರಿ ಮೂರೂವರೆ ಸೀಟು ಖಾಲಿ ಹೋಗುತ್ತದೆ.

ಮೂರೂವರೆ ಎಂದರೆ ನಾಲ್ಕು ಟಿಕೆಟ್ ಹೆಚ್ಚಿಗೆ ಮಾರೋಣ ಎಂದು ಯಾರಿಗಾದರೂ ತೋಚುತ್ತದೆ. ನನಗೂ ತೋಚಿದ್ದು ಅದೇ. ಇಲ್ಲಿಯೇ ನಾವು ಎಡವುವುದು. ಸರಾಸರಿ ಸ್ಥಿರವಾಗಿದೆ ಎಂದ ಮಾತ್ರಕ್ಕೆ ಪ್ರತಿದಿನದ ಸಂಖ್ಯೆಯೂ ಸ್ಥಿರವಾಗಿರುತ್ತದೆ ಎಂದಲ್ಲ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಸರಾಸರಿ ಐದು ಸಲ ರಾಜ ಬೀಳುತ್ತಾನೆ ಎಂಬುದು ನಿಜ. ಆದರೆ ಯಾವುದೋ ಒಂದು ಸರದಿಯಲ್ಲಿ ಮೂರು, ಇನ್ನೊಂದರಲ್ಲಿ ಏಳು ಬೀಳುವುದೂ ನಿಜ. ಹಾಗೆಯೇ ಒಂದು ದಿನ ಏಳು ಜನ ಬರುವುದಿಲ್ಲ, ಇನ್ನೊಂದು ದಿನ ಎಲ್ಲರೂ ಬರುತ್ತಾರೆ.

ಎಲ್ಲರೂ ಬರುವುದು ಎಷ್ಟು ಅಪರೂಪ? ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಒಬ್ಬ ಪ್ರಯಾಣಿಕ ಬರುವ ಸಂಭವ 0.95. ಇಬ್ಬರೂ ಬರುವ ಸಂಭವ 0.95ನ್ನು 0.95ರಿಂದ ಗುಣಿಸಿದಷ್ಟು. ಎಪ್ಪತ್ತು ಜನರೂ ಬರಬೇಕಾದರೆ 0.95ನ್ನು ಎಪ್ಪತ್ತು ಸಲ ಇಟ್ಟು ಗುಣಿಸಬೇಕು. ಉತ್ತರ ಸುಮಾರು 0.028. ಅಂದರೆ ನೂರು ದಿನಗಳಲ್ಲಿ ಹೆಚ್ಚುಕಡಿಮೆ ಮೂರು ದಿನ ಎಪ್ಪತ್ತಕ್ಕೆ ಎಪ್ಪತ್ತೂ ಬರುತ್ತಾರೆ. ವರ್ಷಕ್ಕೆ ಹತ್ತು ಸಲ ನಡೆಯುವುದನ್ನು ಆಕಸ್ಮಿಕ ಎಂದು ಕೈತೊಳೆದುಕೊಳ್ಳಲಾಗದು.

ಒಂದೊಂದೇ ಟಿಕೆಟ್ ಮಾರಿ ನೋಡೋಣ

ಈಗ ಹೆಚ್ಚುವರಿ ಟಿಕೆಟ್‌ಗಳನ್ನು ಒಟ್ಟಿಗೆ ಮಾರುವುದು ಬೇಡ, ಒಂದೊಂದಾಗಿ ಮಾರೋಣ. ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳೋಣ: ಈ ಹೊಸ ಪ್ರಯಾಣಿಕ ಬಂದು ನಿಂತರೆ ಅವನಿಗೆ ಸೀಟು ಸಿಗದೆ ಹೋಗುವ ಸಂಭವ ಎಷ್ಟು?

71ನೆಯ ಟಿಕೆಟ್ ಕೊಂಡವನಿಗೆ ಸೀಟು ಸಿಗದಿರುವುದು ಉಳಿದ ಎಪ್ಪತ್ತೂ ಜನ ಬಂದಾಗ ಮಾತ್ರ. ಅದರ ಸಂಭವ ನೂರಕ್ಕೆ 3ರಷ್ಟು ಎಂದು ಈಗಷ್ಟೇ ಕಂಡೆವು. 72ನೆಯವನಿಗೆ ಸೀಟು ಬೇಕಾದರೆ ಉಳಿದ 71 ಜನರಲ್ಲಿ ಇಬ್ಬರಾದರೂ ತಪ್ಪಿಸಿಕೊಂಡಿರಬೇಕು. ಒಬ್ಬನೂ ತಪ್ಪದ ದಿನ ಮತ್ತು ಒಬ್ಬನೇ ತಪ್ಪಿದ ದಿನ, ಎರಡನ್ನೂ ಕೂಡಿದರೆ ಅವನು ಹೊರಗುಳಿಯುವ ಸಂಭವ ನೂರಕ್ಕೆ 12 ಆಗುತ್ತದೆ. ಇದೇ ರೀತಿಯಲ್ಲಿ 73ನೆಯವನಿಗೆ ನೂರಕ್ಕೆ 30. ನಾವು ಧಾರಾಳವಾಗಿ ಮಾರಲು ಹೊರಟಿದ್ದ ನಾಲ್ಕನೆಯ ಹೆಚ್ಚುವರಿ ಟಿಕೆಟ್, ಅಂದರೆ 74ನೆಯದು, ನೂರಕ್ಕೆ 50!

ನೋಡಿದಿರಾ? ಸರಾಸರಿಯನ್ನು ನಂಬಿ ಮಾರಿದ ಆ ಕೊನೆಯ ಟಿಕೆಟ್ಟು ನಾಣ್ಯ ಚಿಮ್ಮಿದಂತೆ. ಅರ್ಧ ಸಲ ಸೀಟು, ಅರ್ಧ ಸಲ ಬಾಗಿಲು. ಪಿಯುಸಿ ವಿದ್ಯಾರ್ಥಿಗಳು ದ್ವಿಪದ ವಿತರಣೆಯ ಸೂತ್ರ ಹಾಕಿ ಈ ನಾಲ್ಕು ಅಂಕಿಗಳನ್ನು ತಾಳೆ ನೋಡಬಹುದು. ಸಣ್ಣ ತರಗತಿಯವರು ಒಂದು ಚೀಲದಲ್ಲಿ 19 ಹುಣಸೆಬೀಜ ಮತ್ತು ಒಂದು ಕಡಲೆಕಾಳು ಹಾಕಿ, ಕಣ್ಣು ಮುಚ್ಚಿ ಒಂದನ್ನು ತೆಗೆದು ನೋಡಿ ಮತ್ತೆ ಅದರಲ್ಲೇ ಹಾಕಲಿ. ಹೀಗೆ 70 ಸಲ ಮಾಡಿದರೆ ಒಂದು ದಿನದ ವಿಮಾನ ಹೊರಟಂತೆ. ಕಡಲೆ ಬಂದಷ್ಟು ಸಲ ಅಷ್ಟು ಜನ ಬರಲಿಲ್ಲ ಎಂದು ಲೆಕ್ಕ. ಹತ್ತು ಮಕ್ಕಳು ಸೇರಿ ಹತ್ತು ವಿಮಾನ ಹಾರಿಸಿದರೆ ಏರಿಳಿತ ಎಷ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ.

ಎಲ್ಲಿ ನಿಲ್ಲಿಸಬೇಕು?

ಸಂಭವ ಗೊತ್ತಾಯಿತು. ಆದರೆ ನೂರಕ್ಕೆ 12 ಹೆಚ್ಚೋ ಕಡಿಮೆಯೋ? ಅದು ಸಂಭವವೊಂದರಿಂದಲೇ ತಿಳಿಯುವುದಿಲ್ಲ. ತಕ್ಕಡಿಯ ಎರಡು ತಟ್ಟೆಗೂ ತೂಕ ಹಾಕಬೇಕು. ಒಂದು ತಟ್ಟೆಯಲ್ಲಿ, ಸೀಟು ಸುಮ್ಮನೆ ಖಾಲಿ ಹೋದರೆ ಆಗುವ ನಷ್ಟ. ಇನ್ನೊಂದರಲ್ಲಿ, ಟಿಕೆಟ್ ಇರುವವನನ್ನು ಹೊರಗೆ ನಿಲ್ಲಿಸಿದರೆ ತೆರಬೇಕಾದ ಬೆಲೆ.

ಟಿಕೆಟ್ ದರ 4,000 ರೂಪಾಯಿ ಎನ್ನಿ. ಬಾರದವರಿಗೆ ಹಣ ಹಿಂದಿರುಗಿಸುತ್ತಾರೆ ಎಂದೂ ಇಟ್ಟುಕೊಳ್ಳೋಣ. ಹಾಗಾದರೆ ಖಾಲಿ ಸೀಟಿನ ನಷ್ಟ 4,000. ಒಬ್ಬನನ್ನು ಹೊರಗೆ ನಿಲ್ಲಿಸಿದರೆ ಅವನ ಟಿಕೆಟ್ ಹಣ ಕೊಡುವುದಲ್ಲದೆ, ಪರಿಹಾರ, ಊಟ, ರಾತ್ರಿ ತಂಗುವ ಕೋಣೆ, ಅವನು ಮುಂದೆ ಈ ಕಂಪನಿಯ ಕಡೆ ತಿರುಗಿಯೂ ನೋಡದಿರುವ ನಷ್ಟ, ಎಲ್ಲ ಸೇರಿ 12,000 ಎನ್ನಿ. ಹೊರಗೆ ನಿಲ್ಲಿಸುವುದು ಖಾಲಿ ಸೀಟಿಗಿಂತ ಮೂರು ಪಟ್ಟು ದುಬಾರಿ. ಆದ್ದರಿಂದ ನಾಲ್ಕು ಸಲ ಮಾರಿದರೆ ಮೂರು ಸಲ ಸೀಟು ಸಿಕ್ಕಿ ಒಂದು ಸಲ ಸಿಗದಿದ್ದರೆ ಲಾಭ ನಷ್ಟ ಸರಿಸಮ. ಅಂದರೆ ಗಡಿರೇಖೆ ನೂರಕ್ಕೆ 25. ಸೂತ್ರ ಬೇಕೆನ್ನುವವರಿಗೆ: 4,000ವನ್ನು 4,000 ಮತ್ತು 12,000ಗಳ ಮೊತ್ತದಿಂದ ಭಾಗಿಸಿ. ಹೊರಗುಳಿಯುವ ಸಂಭವ ಈ ಗಡಿಯ ಒಳಗಿರುವ ತನಕ ಮಾರಬಹುದು, ದಾಟಿದೊಡನೆ ನಿಲ್ಲಿಸಬೇಕು.

ನಮ್ಮ ಪಟ್ಟಿ ನೋಡಿ. 3 ಸರಿ, 12 ಸರಿ, 30 ಗಡಿ ದಾಟಿತು. ಹಾಗಾದರೆ ಎರಡೇ ಟಿಕೆಟ್ ಹೆಚ್ಚಿಗೆ ಮಾರಬೇಕು. 70 ಸೀಟಿಗೆ 72.

ಇದನ್ನು ವರ್ಷದ ಜಮಾಖರ್ಚಿನಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಏನೂ ಹೆಚ್ಚಿಗೆ ಮಾರದಿರುವುದಕ್ಕೆ ಹೋಲಿಸಿದರೆ, ದಿನಕ್ಕೆ ಒಂದು ಟಿಕೆಟ್ ಹೆಚ್ಚಿಗೆ ಮಾರಿದರೆ ಖರ್ಚು ಕಳೆದು ವರ್ಷಕ್ಕೆ ಸುಮಾರು 12 ಲಕ್ಷ ರೂಪಾಯಿ ಉಳಿತಾಯ. ಎರಡು ಮಾರಿದರೆ 19 ಲಕ್ಷ. ಮೂರು ಮಾರಿದರೆ 17 ಲಕ್ಷಕ್ಕೆ ಇಳಿಯುತ್ತದೆ. ಸರಾಸರಿಯನ್ನು ನಂಬಿ ನಾಲ್ಕು ಮಾರಿದರೆ ಉಳಿಯುವುದು ಮೂರು ಲಕ್ಷ ಮಾತ್ರ! ಅಷ್ಟೇ ಅಲ್ಲ, ಎರಡು ಮಾರಿದಾಗ ವರ್ಷಕ್ಕೆ ಐವತ್ತರಷ್ಟು ಜನ ಹೊರಗುಳಿದರೆ, ನಾಲ್ಕು ಮಾರಿದಾಗ ಮುನ್ನೂರಕ್ಕೂ ಹೆಚ್ಚು ಜನ ಹೊರಗುಳಿಯುತ್ತಾರೆ. ದುರಾಸೆಗೆ ಲೆಕ್ಕದಲ್ಲೂ ಬೆಂಬಲವಿಲ್ಲ.

ಇಲ್ಲಿ ಪೋಷಕರೊಬ್ಬರು ಕೇಳಬಹುದು: “ಬಾರದವರ ಹಣವನ್ನು ಎಷ್ಟೋ ಸಲ ಹಿಂದಿರುಗಿಸುವುದೇ ಇಲ್ಲವಲ್ಲ! ಸೀಟಿಗೆ ಹಣ ಬಂದಾಗಿದೆ, ಮತ್ತೆ ಏಕೆ ಮಾರಬೇಕು?” ನ್ಯಾಯವಾದ ಪ್ರಶ್ನೆ. ಹಣ ಹಿಂದಿರುಗಿಸದ ಟಿಕೆಟ್ಟುಗಳಲ್ಲಿ ಖಾಲಿ ಸೀಟಿನಿಂದ ನಷ್ಟವೆಂಬುದಿಲ್ಲ. ಅಲ್ಲಿ ಹೆಚ್ಚಿಗೆ ಮಾರುವುದು ಒಂದೇ ಸೀಟಿಗೆ ಎರಡು ಸಲ ಹಣ ಪಡೆಯುವುದು. ಖಾಲಿ ಹೋಗುವ ಸೀಟಿನಲ್ಲಿ ಇನ್ನೊಬ್ಬನು ಊರು ಸೇರುತ್ತಾನೆ ಎಂಬುದು ನಿಜವಾದರೂ, ಹೊರಗುಳಿದವನಿಗೆ ಉತ್ತರ ಹೇಳುವ ಹೊಣೆ ಅಲ್ಲಿ ಇನ್ನೂ ಹೆಚ್ಚು.

ಲೆಕ್ಕ ಕೈಕೊಡುವುದು ಎಲ್ಲಿ?

ನಾವು 0.95ನ್ನು ಮತ್ತೆ ಮತ್ತೆ ಗುಣಿಸಿದೆವಲ್ಲ, ಅದರ ಹಿಂದೆ ಒಂದು ನಂಬಿಕೆ ಅಡಗಿದೆ. ಒಬ್ಬ ಬರುವುದಕ್ಕೂ ಇನ್ನೊಬ್ಬ ಬರುವುದಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆ. ಒಬ್ಬೊಬ್ಬರೇ ಪ್ರಯಾಣ ಮಾಡುವಾಗ ಇದು ಬಹುಮಟ್ಟಿಗೆ ಸರಿ. ಆದರೆ ಮದುವೆಯ ದಿಬ್ಬಣದ 20 ಜನ ಒಂದೇ ವಿಮಾನದಲ್ಲಿದ್ದರೆ? ಅವರು ಬಂದರೆ ಇಪ್ಪತ್ತೂ ಜನ ಬರುತ್ತಾರೆ, ಇಲ್ಲದಿದ್ದರೆ ಒಬ್ಬರೂ ಇಲ್ಲ. ಹಾಗೆಯೇ ಜೋರು ಮಳೆ ಬಂದು ರಸ್ತೆ ಕಟ್ಟಿಕೊಂಡರೆ ಒಂದೇ ದಿನ ಹದಿನೈದು ಜನ ತಪ್ಪಿಸಿಕೊಳ್ಳುತ್ತಾರೆ. ಸರಾಸರಿ ಅದೇ ಇಪ್ಪತ್ತಕ್ಕೆ ಒಂದು. ಆದರೆ ಒಂದೇ ಮಳೆಯ ದಿನ ಹದಿನೈದು ಜನ ಗೈರಾದದ್ದು ಸರಾಸರಿಯನ್ನು ಮೇಲೆತ್ತಿರುತ್ತದೆ, ಉಳಿದ ದಿನಗಳಲ್ಲಿ ಬಾರದವರು ನಾವೆಣಿಸಿದ್ದಕ್ಕಿಂತ ಕಡಿಮೆ ಇರುತ್ತಾರೆ.

ಇದನ್ನು ಕಂಡುಹಿಡಿಯಲು ಸುಲಭ ಉಪಾಯವಿದೆ. ಸರಾಸರಿಯನ್ನು ಮಾತ್ರ ನೋಡದೆ ದಿನದಿನದ ಪುಸ್ತಕ ತೆಗೆಯಬೇಕು. 70 ಟಿಕೆಟ್ ಮಾರಿದ ನೂರು ದಿನಗಳಲ್ಲಿ ಎಲ್ಲರೂ ಬಂದ ದಿನಗಳು ಎರಡೋ ಮೂರೋ ಇದ್ದರೆ ನಮ್ಮ ನಂಬಿಕೆ ಸರಿ. ಅಂಥ ದಿನಗಳು ಹತ್ತು ಹನ್ನೆರಡು ಕಂಡರೆ, ಜನ ಗುಂಪಾಗಿ ಬರುತ್ತಿದ್ದಾರೆ ಎಂದರ್ಥ. ಆಗ ನಮ್ಮ ಎರಡು ಟಿಕೆಟ್ಟೂ ಹೆಚ್ಚೇ. ಹಬ್ಬದ ಹಿಂದಿನ ದಿನ, ಪರೀಕ್ಷೆಯ ಹಿಂದಿನ ದಿನ ಬಾರದವರು ಕಡಿಮೆ. ಅಂಥ ದಿನಗಳಿಗೆ ಬೇರೆ ಲೆಕ್ಕವೇ ಬೇಕು. ದಿನದ ಕೊನೆಯ ವಿಮಾನದಲ್ಲಿ ಹೊರಗುಳಿದವನನ್ನು ರಾತ್ರಿಯಿಡೀ ಇರಿಸಿಕೊಳ್ಳಬೇಕಾದ್ದರಿಂದ ತಕ್ಕಡಿಯ ಆ ತಟ್ಟೆ ಇನ್ನೂ ಭಾರ. ಅದು 12,000ದ ಬದಲು 40,000 ಆದರೆ ಗಡಿರೇಖೆ ನೂರಕ್ಕೆ 9ಕ್ಕೆ ಇಳಿದು, ಒಂದೇ ಟಿಕೆಟ್ ಹೆಚ್ಚಿಗೆ ಮಾರಬಹುದು.

ಎಲ್ಲರೂ ಬಂದಾಗ

ಲೆಕ್ಕ ಎಷ್ಟೇ ಸರಿಯಿರಲಿ, 72 ಮಾರಿದ ವಿಮಾನಕ್ಕೆ ಎಪ್ಪತ್ತೆರಡೂ ಜನ ಬರುವ ದಿನ ನಲವತ್ತಕ್ಕೊಂದು ಸಲ ಬಂದೇ ಬರುತ್ತದೆ. ವರ್ಷಕ್ಕೆ ಒಂಬತ್ತು ಸಲ. ಯಾವ ದಿನ ಎಂದು ಗೊತ್ತಿಲ್ಲ, ಬರುತ್ತದೆ ಎಂಬುದು ಮಾತ್ರ ಖಚಿತ. ಹಾಗಿದ್ದ ಮೇಲೆ ಆ ದಿನ ಏನು ಮಾಡಬೇಕೆಂದು ಟಿಕೆಟ್ ಮಾರುವ ಮೊದಲೇ ಬರೆದಿಟ್ಟಿರಬೇಕಲ್ಲವೇ?

ಸಾಮಾನ್ಯವಾಗಿ ತೋಚುವ ದಾರಿ, ಕೊನೆಗೆ ಬಂದವನನ್ನು ಬಿಡುವುದು. ನಾನೂ ಅದನ್ನೇ ಮಾಡಿದೆ. ಅದು ನ್ಯಾಯದಂತೆ ಕಾಣುತ್ತದೆ. ಆದರೆ ಕೊನೆಗೆ ಬಂದವನು ಯಾರು? ಬಹಳ ದೂರದಿಂದ ಬಂದವನು, ಬಸ್ಸು ಸಿಗದೆ ನಡೆದವನು. ಪ್ರಯಾಣದ ಅಗತ್ಯ ಅವನಿಗೆ ಎಷ್ಟಿದೆ ಎಂಬುದಕ್ಕೂ ಅವನು ಬಂದ ಗಳಿಗೆಗೂ ಸಂಬಂಧವಿಲ್ಲ. ನಾವು ಲೆಕ್ಕದಲ್ಲಿ ಹೊರಗುಳಿಯುವ ಬೆಲೆ 12,000 ಎಂದೆವಲ್ಲ, ಅದು ಕಂಪನಿಯ ಅಂದಾಜು. ರಜೆಗೆ ಹೊರಟ ಕಾಲೇಜು ಹುಡುಗನಿಗೆ ಒಂದು ರಾತ್ರಿ ತಡವಾದರೆ ಅಷ್ಟೇನೂ ನಷ್ಟವಿಲ್ಲ. ತಾಯಿಯ ಆಪರೇಷನ್‌ಗೆ ಹೊರಟವನಿಗೆ ಎಷ್ಟು ಹಣ ಕೊಟ್ಟರೂ ಸಾಲದು. ಯಾರ ನಷ್ಟ ಎಷ್ಟು ಎಂದು ಕೌಂಟರಿನಲ್ಲಿ ಕುಳಿತವರಿಗೆ ತಿಳಿಯದು. ತಿಳಿದಿರುವುದು ಆಯಾ ಪ್ರಯಾಣಿಕನಿಗೆ ಮಾತ್ರ. ಹಾಗಾದರೆ ಅವನನ್ನೇ ಕೇಳಬೇಕು.

ಇಷ್ಟು ಸರಳವಾದ ಮಾತನ್ನು 1968ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಬರೆದು ಪ್ರಕಟಿಸಿದರು. ಸೀಟು ಸಾಲದಾದಾಗ ಪ್ರಯಾಣಿಕರಿಗೆ ಒಂದೊಂದು ಲಕೋಟೆ ಕೊಡಿ. ಮುಂದಿನ ವಿಮಾನಕ್ಕೆ ಕಾಯಲು ಕನಿಷ್ಠ ಎಷ್ಟು ಹಣ ಸಾಕು ಎಂದು ಅವರು ಬರೆದುಕೊಡಲಿ. ಅತಿ ಕಡಿಮೆ ಬರೆದವರಿಗೆ ಆ ಹಣ ಕೊಟ್ಟು ಇಳಿಸಿ. ಇಳಿದವನು ತಾನೇ ಕೇಳಿದ ಬೆಲೆ ಪಡೆದು ಇಳಿದಿರುತ್ತಾನೆ, ಉಳಿದವನು ಹಾರುತ್ತಾನೆ, ಕಂಪನಿಗೂ ಖರ್ಚು ಕಡಿಮೆ. ವಿಮಾನ ಕಂಪನಿಗಳು ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ, 1972ರಲ್ಲಿ, ಅಲ್ಲಿನ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಅವರನ್ನೇ ಟಿಕೆಟ್ ಇದ್ದರೂ ವಿಮಾನ ಹತ್ತಿಸಿಕೊಳ್ಳಲಿಲ್ಲ. ಅವರು ಬಿಡುವವರಲ್ಲ, ನ್ಯಾಯಾಲಯಕ್ಕೆ ಹೋದರು. ಹೆಚ್ಚಿಗೆ ಮಾರುವ ಸಂಗತಿಯನ್ನು ಪ್ರಯಾಣಿಕರಿಂದ ಮುಚ್ಚಿಟ್ಟದ್ದಕ್ಕೆ ಕಂಪನಿಯ ಮೇಲೆ ದಾವೆ ಹೂಡಲು ಅಡ್ಡಿಯಿಲ್ಲವೆಂದು 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಮುಂದೆ ಆಲ್ಫ್ರೆಡ್ ಕಾನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ವಿಮಾನಯಾನ ಮಂಡಲಿಯ ಮುಖ್ಯಸ್ಥರಾಗಿದ್ದಾಗ, 1978ರಲ್ಲಿ, ಬಲವಂತವಾಗಿ ಯಾರನ್ನೂ ಬಿಡುವ ಮೊದಲು ಸ್ವಇಚ್ಛೆಯಿಂದ ಉಳಿಯುವವರನ್ನು ಕೇಳಲೇಬೇಕೆಂಬ ನಿಯಮ ಬಂದಿತು.

ಲಕೋಟೆಯ ಬದಲು ಈಗ ಸಾಮಾನ್ಯವಾಗಿ ಬಾಯಿಮಾತಿನ ಕೂಗು. ನಮ್ಮ ವಿಮಾನಕ್ಕೆ ಎಪ್ಪತ್ತೆರಡೂ ಜನ ಬಂದಿದ್ದಾರೆ ಎನ್ನಿ. “ನಾಳೆ ಬೆಳಗಿನ ವಿಮಾನಕ್ಕೆ ಹೋಗುವವರಿಗೆ ಊಟ, ವಸತಿ, ಜೊತೆಗೆ 2,000 ರೂಪಾಯಿ.” ಯಾರೂ ಇಲ್ಲ. “3,000.” ಒಬ್ಬ ವಿದ್ಯಾರ್ಥಿ ಕೈ ಎತ್ತುತ್ತಾನೆ. “4,000.” ನಿವೃತ್ತರೊಬ್ಬರು, “ನನಗೇನು ಅವಸರ” ಎಂದು ಏಳುತ್ತಾರೆ. ಇಬ್ಬರು ಸಿಕ್ಕರು. ಮೊದಲು ಕೈ ಎತ್ತಿದವನಿಗೂ 4,000ವನ್ನೇ ಕೊಡಬೇಕು, ಇಲ್ಲದಿದ್ದರೆ ಮುಂದಿನ ಸಲ ಯಾರೂ ಮೊದಲು ಏಳುವುದಿಲ್ಲ.

ಇದರಲ್ಲಿ ಮುಖ್ಯ ಸಂಗತಿ ಎರಡು. ಜನ ವಿಮಾನ ಹತ್ತಿ ಕೂರುವ ಮೊದಲೇ ಕೇಳಬೇಕು. ಮತ್ತು ಸಾಕಷ್ಟು ಜನ ಸಿಗುವ ತನಕ ಬೆಲೆ ಏರಿಸುತ್ತಲೇ ಹೋಗಬೇಕು. 2017ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಯುನೈಟೆಡ್ ಕಂಪನಿಯ ವಿಮಾನವೊಂದರಲ್ಲಿ ಈ ಎರಡೂ ತಪ್ಪಿದವು. ಅಲ್ಲಿ ಸೀಟು ಸಾಲದಾದದ್ದು ಟಿಕೆಟ್ ಹೆಚ್ಚಿಗೆ ಮಾರಿದ್ದರಿಂದಲ್ಲ, ಕೊನೆಯ ಗಳಿಗೆಯಲ್ಲಿ ಕಂಪನಿಯ ನಾಲ್ವರು ನೌಕರರನ್ನು ಕಳಿಸಬೇಕಾಗಿ ಬಂದದ್ದರಿಂದ. ಪ್ರಯಾಣಿಕರು ಆಗಲೇ ಕುಳಿತಿದ್ದರು. 800 ಡಾಲರ್‌ವರೆಗೆ ಕೂಗಿ ನಿಲ್ಲಿಸಿದರು. ಯಾರೂ ಏಳದಿದ್ದಾಗ ನಾಲ್ವರನ್ನು ಕಂಪನಿಯವರೇ ಆರಿಸಿದರು. ಏಳಲೊಪ್ಪದ ವೈದ್ಯರೊಬ್ಬರನ್ನು ಭದ್ರತಾ ಸಿಬ್ಬಂದಿ ಸೀಟಿನಿಂದ ಎಳೆದೊಯ್ದರು. ಆ ದೃಶ್ಯವನ್ನು ಜಗತ್ತೇ ನೋಡಿತು. ಅದೇ ತಿಂಗಳು ಕಂಪನಿ ತನ್ನ ಮಿತಿಯನ್ನು 10,000 ಡಾಲರ್‌ಗೆ ಏರಿಸಿತು. ಆ ದಿನ ಇನ್ನೂ ಕೆಲವು ನೂರು ಡಾಲರ್ ಕೂಗಿದ್ದರೆ ಮುಗಿದುಹೋಗುತ್ತಿತ್ತೇನೋ.

ಈಗ ಮೊದಲ ಪ್ರಶ್ನೆಗೆ ಹಿಂದಿರುಗಿ. ಕೇಳಿ ಇಳಿಸುವುದರಿಂದ ಹೊರಗೆ ನಿಲ್ಲಿಸುವ ಬೆಲೆ 12,000ದಿಂದ 4,000ಕ್ಕೆ ಇಳಿದರೆ, ಗಡಿರೇಖೆ ನೂರಕ್ಕೆ 25ರಿಂದ 50ಕ್ಕೆ ಏರುತ್ತದೆ. ಆಗ ಎರಡರ ಬದಲು ಮೂರು ಟಿಕೆಟ್ ಹೆಚ್ಚಿಗೆ ಮಾರಿದರೂ ನಡೆಯುತ್ತದೆ. ಎಷ್ಟು ಮಾರಬೇಕು ಎಂಬುದನ್ನು ತೀರ್ಮಾನಿಸುವುದು, ಎಲ್ಲರೂ ಬಂದ ದಿನ ಅವರೊಡನೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ. ಎರಡು ಪ್ರಶ್ನೆಯೂ ಒಂದೇ ಎಂದದ್ದು ಇದಕ್ಕೆ.

ನಮ್ಮ ರೈಲ್ವೆಯವರು ಇದೇ ಸಮಸ್ಯೆಗೆ ಇನ್ನೊಂದು ದಾರಿ ಹಿಡಿದಿದ್ದಾರೆ. ಆರ್‌ಎಸಿ ಟಿಕೆಟ್ ನೀವು ಕಂಡಿರುತ್ತೀರಿ. ಬದಿಯ ಕೆಳ ಬರ್ತಿನಲ್ಲಿ ಇಬ್ಬರು ಕುಳಿತು ಹೊರಡುತ್ತಾರೆ. ಯಾರಾದರೂ ಬಾರದೆ ಹೋದರೆ ಆ ಬರ್ತು ಸರದಿಯಂತೆ ಇವರಿಗೆ. ಎಲ್ಲರೂ ಬಂದರೂ ಊರಂತೂ ತಲಪುತ್ತಾರೆ. ಮಲಗಲು ಜಾಗ ಸಿಗದಿರಬಹುದೆಂದು ಟಿಕೆಟ್ ಕೊಡುವಾಗಲೇ ಹೇಳಿರುತ್ತಾರೆ. ವಿಮಾನದಲ್ಲಿ ಒಂದು ಸೀಟಿನಲ್ಲಿ ಇಬ್ಬರನ್ನು ಕೂರಿಸಲಾಗದು, ಆದರೆ ಮೊದಲೇ ಹೇಳುವುದಕ್ಕೆ ಅಡ್ಡಿಯೇನಿಲ್ಲ.

ನಮ್ಮ ದೇಶದ ನಿಯಮ

ವಿಮಾನಯಾನದ ಮಹಾನಿರ್ದೇಶನಾಲಯ ಪರಿಷ್ಕರಿಸಿದ ನಿಯಮ 2016ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಇಲ್ಲಿಯೂ ಕಂಪನಿಯವರು ಮೊದಲು ಸ್ವಇಚ್ಛೆಯಿಂದ ಉಳಿಯುವವರನ್ನು ಕೇಳಬೇಕು. ಖಚಿತ ಟಿಕೆಟ್ ಹಿಡಿದು ಸಮಯಕ್ಕೆ ಬಂದವನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಬಿಟ್ಟರೆ, ಹೊರಡಬೇಕಿದ್ದ ಸಮಯದಿಂದ ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ ಪರಿಹಾರವಿಲ್ಲ. 24 ಗಂಟೆಯೊಳಗೆ ಹೊರಡುವ ವಿಮಾನ ಕೊಟ್ಟರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, 10,000 ರೂಪಾಯಿ ಮೀರದಂತೆ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, 20,000 ಮೀರದಂತೆ. ಬೇರೆ ವಿಮಾನ ಬೇಡವೆಂದರೆ ಟಿಕೆಟ್ ಹಣ ಪೂರ್ತಿ ವಾಪಸು, ಜೊತೆಗೆ ಈ ನಾಲ್ಕು ಪಟ್ಟಿನ ಪರಿಹಾರ.

ನನ್ನ ಹುಡುಗನಿಗೆ ಫೋನಿನಲ್ಲಿ ಹೇಳಿದ್ದು ಮೂರು ಮಾತು. “ಯಾರಾದರೂ ಉಳಿಯುತ್ತೀರಾ ಅಂತ ಎಲ್ಲರನ್ನೂ ಕೇಳಿದರಾ, ವಿಚಾರಿಸು. ಇಲ್ಲ ಅಂದ್ರೆ ಕೇಳಿ ಅನ್ನು. ಬಂದ ಸಮಯ ಮತ್ತು ಹತ್ತಿಸಿಕೊಳ್ಳದ ಕಾರಣ ಬರೆಸಿಕೊ.” ಅವನು ಹೋಗಿ ಕೇಳುವ ಹೊತ್ತಿಗೆ ವಿಮಾನದ ಬಾಗಿಲು ಮುಚ್ಚಿತ್ತು. ಪರಿಹಾರದ ಹಣ ಆಮೇಲೆ ಬಂತು. ತಾಯಿಯ ಕಣ್ಣಿನ ಪಟ್ಟಿ ಬಿಚ್ಚುವಾಗ ಅವನು ಪಕ್ಕದಲ್ಲಿದ್ದನಂತೆ, ಆಪರೇಷನ್‌ಗೆ ಒಳಗೆ ಕರೆದೊಯ್ಯುವಾಗ ಇರಲಿಲ್ಲ.

ಫೋನ್ ಇಟ್ಟ ಮೇಲೆ ನಾನು ನನ್ನ ಬಸ್ಸಿನ ಲೆಕ್ಕವನ್ನೂ ಹಾಕಿದೆ. ಇಪ್ಪತ್ತಕ್ಕೆ ಒಬ್ಬರಂತೆ ಬಾರದಿದ್ದರೆ, 46 ಸೀಟಿಗೆ 49 ಮಕ್ಕಳನ್ನು ಸೇರಿಸಿದಾಗ ಎಲ್ಲರೂ ಬರುವ ಸಂಭವ ನೂರಕ್ಕೆ 8. ಒಂದು ಮಗುವಾದರೂ ಹೊರಗುಳಿಯುವ ಸಂಭವ ನೂರಕ್ಕೆ 55. ಅರ್ಧಕ್ಕಿಂತ ಹೆಚ್ಚು! ವಿಜ್ಞಾನದ ಮೇಷ್ಟ್ರು ನಾನು, ಹತ್ತು ನಿಮಿಷದ ಲೆಕ್ಕ ಹಾಕದೆ ಹಣ ಪಡೆದಿದ್ದೆ.

ಅದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು. ಆ ದಿನ ಬೆಳಿಗ್ಗೆ, “ಬೇಲೂರು ನೋಡಿರುವವರು ಯಾರಿದ್ದೀರಿ? ಮುಂದಿನ ಪ್ರವಾಸಕ್ಕೆ ಬಿಟ್ಟಿಯಾಗಿ ಕರೆದುಕೊಂಡು ಹೋಗುತ್ತೇನೆ, ಮೂರು ಜನ ಇಳಿಯುತ್ತೀರಾ?” ಎಂದು ನಾನು ಬಸ್ಸಿನೊಳಗೆ ಒಂದು ಸಲವೂ ಕೇಳಲಿಲ್ಲ. ಒಳಗೆ ನಾಲ್ವರು ಮೇಷ್ಟ್ರುಗಳಿದ್ದೆವು. ನಾವೆಲ್ಲ ಎರಡೆರಡು ಸಲ ಬೇಲೂರು ನೋಡಿದವರು. ಮಕ್ಕಳ ಜೊತೆಗೆ ಮೂವರಿದ್ದರೂ ಸಾಕಿತ್ತು. ಮೂವರು ಮಕ್ಕಳಲ್ಲಿ ಒಬ್ಬನಾದರೂ ಹತ್ತುತ್ತಿದ್ದ.